ನನ್ನ ಹೆಸರಿಗೆ ನಿಂತ ಬಿಲ್ಲು

ಆ ವರ್ಷ ನಾನು ವಾರಕ್ಕೆ ಒಂಬತ್ತು ತಾಸು ಪಾಠ ಮಾಡುತ್ತಿದ್ದೆ. ಅದಕ್ಕಿಂತ ಹೆಚ್ಚು ಮಾಡುವಂತಿರಲಿಲ್ಲ. ತಾಸಿನ ಲೆಕ್ಕದ ಮೇಲೆ ನೇಮಕವಾದ ಉಪನ್ಯಾಸಕರಿಗೆ ಅದೇ ಮಿತಿ. ಪಾಠ ಮಾಡಿದ ತಾಸಿಗೆ ಮಾತ್ರ ಮಾನಧನ. ದೀಪಾವಳಿ ರಜೆಗೆ ಇಲ್ಲ, ಪರೀಕ್ಷೆಯ ದಿನಗಳಿಗೆ ಇಲ್ಲ, ಬಸ್ಸು ಬಾರದೆ ಹುಡುಗರು ಬರದಿದ್ದರೆ ಆ ತಾಸಿಗೂ ಇಲ್ಲ.

ಕಾಲೇಜು ಇದ್ದದ್ದು ಕನ್ನಡ ಎಂಬ ತಾಲೂಕು ಊರಿನಲ್ಲಿ. ಸಂಭಾಜಿನಗರದಿಂದ ಎಸ್.ಟಿ. ಬಸ್ಸು ಹತ್ತಿ ವೇರೂಳ್ ದಾಟಿ ಒಂದೂವರೆ ತಾಸಿನ ದಾರಿ. ಹೆಸರು ಕನ್ನಡವಾದರೂ ಆ ಊರಿನಲ್ಲಿ ಕನ್ನಡ ಮಾತಾಡುವ ಒಬ್ಬರೂ ನನಗೆ ಸಿಕ್ಕಿರಲಿಲ್ಲ. ವಿಜಯಪುರದಿಂದ ಅವ್ವ ಫೋನ್ ಮಾಡಿದಾಗಲೆಲ್ಲ, "ಕನ್ನಡದಾಗ ಕೂತು ಇಂಗ್ಲಿಷ್ ಕಲಸ್ತಿ, ಮನ್ಯಾಗ ಮಗಳು ಮರಾಠಿ ಮಾತಾಡ್ತಾಳ. ಏನ್ ಸಂಸಾರವ್ವಾ ನಿಂದು," ಎನ್ನುತ್ತಿದ್ದಳು.

ನನ್ನ ಗಂಡ ಬ್ಯಾಂಕಿನವರು. ವರ್ಗವಾಗಿ ನಾಶಿಕಕ್ಕೆ ಬಂದು ಐದು ವರ್ಷವಾಗಿತ್ತು. ಅತ್ತೆ, ಎಂಟು ವರ್ಷದ ಮಗಳು ಅಲ್ಲೇ ಅವರ ಜೊತೆ. ನಾಶಿಕದಲ್ಲೂ ನಾನು ಎರಡು ವರ್ಷ ಒಂದು ಖಾಸಗಿ ಕಾಲೇಜಿನಲ್ಲಿ ತಾಸಿನ ಮೇಲೆ ಪಾಠ ಮಾಡಿದ್ದೆ. ಅನುದಾನವಿಲ್ಲದ ಕಾಲೇಜು. ಮಕ್ಕಳ ಫೀಸು ಬಂದರೆ ನಮಗೆ ದುಡ್ಡು, ಇಲ್ಲವಾದರೆ ಮುಂದಿನ ತಿಂಗಳು. ನೆಟ್ ಪರೀಕ್ಷೆ ಪಾಸಾದ ಮೇಲೆ ಅನುದಾನಿತ ಕಾಲೇಜೇ ಬೇಕೆಂದು ಅರ್ಜಿ ಹಾಕಿದೆ. ಕರೆದವರು ಇವರೊಬ್ಬರೇ. ಸಂಭಾಜಿನಗರದಲ್ಲಿ ಒಂದು ಕೋಣೆ ಹಿಡಿದೆ. ಶನಿವಾರ ನಾಶಿಕಕ್ಕೆ ಹೋಗಿ ಭಾನುವಾರ ಸಂಜೆ ತಿರುಗಿ ಬರುವುದು ಎಂದು ಮಾತಾಯಿತು. ಮೊದಲ ಎರಡು ತಿಂಗಳು ಹಾಗೆಯೇ ನಡೆಯಿತು. ಆಮೇಲೆ ಹದಿನೈದು ದಿನಕ್ಕೊಮ್ಮೆ ಆಯಿತು. ಕಾರಣ ಬಸ್ಸಿನ ಖರ್ಚು. ಆದರೆ ಮನೆಯಲ್ಲಿ ನಾನು ಪೇಪರ್ ತಿದ್ದುವುದಿದೆ ಎಂದು ಹೇಳುತ್ತಿದ್ದೆ.

ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಒಂದು ರೂಪಾಯಿಯೂ ಬರಲಿಲ್ಲ. ಕೋಣೆಯ ಬಾಡಿಗೆಯನ್ನು ಗಂಡ ಕಳಿಸುತ್ತಿದ್ದರು. ಅವರು ಎಂದೂ ಬೇಸರದಿಂದ ಕಳಿಸಿದವರಲ್ಲ. ಒಂದನೇ ತಾರೀಖು ಬೆಳಿಗ್ಗೆ ಫೋನಿನಲ್ಲಿ ಸದ್ದಾಗುತ್ತಿತ್ತು, ದುಡ್ಡು ಬಂದಿರುತ್ತಿತ್ತು. ಆದರೆ ಆ ಸದ್ದಾದ ದಿನ ನಾನು ಅವರಿಗೆ ಫೋನ್ ಮಾಡುತ್ತಿರಲಿಲ್ಲ. ಕೆಲಸಕ್ಕೆಂದು ಮನೆ ಬಿಟ್ಟು ಬಂದವಳು ನಾನು. ಇಲ್ಲಿರುವ ಖರ್ಚನ್ನೂ ಅವರೇ ಹೊರುವಂತಾಗಿತ್ತು.

ಕಾಲೇಜಿನಲ್ಲಿ ನಮ್ಮಂಥವರು ಹನ್ನೊಂದು ಮಂದಿ ಇದ್ದೆವು. ಅವರಲ್ಲಿ ಹಿರಿಯರು ಮರಾಠಿ ಕಲಿಸುವ ಒಬ್ಬ ಸರ್. ನಲವತ್ತಾರು ವರ್ಷ. ಹದಿನೆಂಟು ವರ್ಷದಿಂದ ಬೇರೆ ಬೇರೆ ಕಾಲೇಜುಗಳಲ್ಲಿ ತಾಸಿನ ಮೇಲೆಯೇ ಕಲಿಸಿದವರು. ಊರು ನಾಶಿಕದ ಹತ್ತಿರ ನಿಫಾಡ್ ಕಡೆ. ಬೇಸಿಗೆಯಲ್ಲಿ ತಾಸುಗಳು ನಿಂತ ಮೇಲೆ ಅಣ್ಣನ ದ್ರಾಕ್ಷಿ ತೋಟಕ್ಕೆ ಹೋಗಿ ದುಡಿಯುತ್ತಿದ್ದರು. ಕೈಗಳನ್ನು ನೋಡಿದರೆ ಮೇಷ್ಟ್ರ ಕೈಗಳೆನಿಸುತ್ತಿರಲಿಲ್ಲ.

ನಾನು ಸೇರಿದ ಮೊದಲ ವಾರವೇ ಅವರು ನನ್ನನ್ನು ಕರೆದು ಹೇಳಿದ್ದರು. ಅವರ ಮಾತು ಮರಾಠಿ. ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

"ಮ್ಯಾಡಮ್, ಕಾಲೇಜಿನ ರಿಜಿಸ್ಟರಿನಲ್ಲಿ ಸಹಿ ಮಾಡ್ತೀರಲ್ಲ, ಅದು ಕಾಲೇಜಿನದು. ನಿಮ್ಮದೇ ಒಂದು ವಹಿ ಇಡಿ. ತಾರೀಖು, ಯಾವ ವರ್ಗ, ಯಾವ ಪಾಠ, ಎಷ್ಟು ಹುಡುಗರು. ಶನಿವಾರಕ್ಕೊಮ್ಮೆ ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿಕೊಳ್ಳಿ."

"ಅಷ್ಟೊಂದು ಬೇಕಾ, ಸರ್?"

"ಬಿಲ್ಲು ತಯಾರಾಗುವುದು ಮೂರು ನಾಲ್ಕು ತಿಂಗಳ ಮೇಲೆ. ಆಗ ಜ್ಞಾಪಕದ ಮೇಲೆ ಜಗಳ ಮಾಡೋಕಾಗಲ್ಲ."

ಇನ್ನೊಂದು ಮಾತನ್ನೂ ಹೇಳಿದ್ದರು. ಹಣದ ವಿಷಯ ಬಾಯಲ್ಲಿ ಕೇಳಬೇಡಿ, ಕಾಗದದಲ್ಲಿ ಕೇಳಿ. ಕೊಟ್ಟ ಕಾಗದದ ಪ್ರತಿಯ ಮೇಲೆ ಆವಕ ಶಿಕ್ಕೆ, ಅಂದರೆ ಕಾಗದ ತಲುಪಿದ್ದಕ್ಕೆ ಕಚೇರಿಯ ಮುದ್ರೆ, ಹಾಕಿಸಿಕೊಳ್ಳಿ. ಆ ಶಿಕ್ಕೆಯಲ್ಲಿರುವ ನಂಬರೊಂದೇ ಕಚೇರಿಯಲ್ಲಿ ಮಾತಾಡುತ್ತದೆ.

ಜನವರಿಯಲ್ಲಿ ಸ್ಟಾಫ್ ರೂಮಿನ ಗಾಳಿ ಬದಲಾಯಿತು. ಮೊದಲು ನಾನು ಒಳಗೆ ಹೋದರೆ, "ಯಾ ಮ್ಯಾಡಮ್, ಚಹಾ ಘ್ಯಾ," ಎಂದು ಒಬ್ಬರಾದರೂ ಚಹಾಕ್ಕೆ ಕರೆಯುತ್ತಿದ್ದರು. ಈಗ ಮಾತು ನಿಲ್ಲುತ್ತಿತ್ತು. ಭೂಗೋಳ ಕಲಿಸುವ ಹುಡುಗಿ ಒಬ್ಬಳು ನನ್ನ ಜೊತೆಗೇ ಬಸ್ಸಿಗೆ ಬರುತ್ತಿದ್ದಳು. ಅವಳು ಒಂದು ಬಸ್ಸು ಮುಂಚೆಯೇ ಹೊರಡತೊಡಗಿದಳು. ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತೆ. ಎದುರಿಗಿದ್ದ ಇಬ್ಬರು ಕೈ ತೊಳೆಯಲು ಎದ್ದವರು ಮತ್ತೆ ಬಂದು ಕೂತದ್ದು ಕಿಟಕಿಯ ಕಡೆ. ಪರರಾಜ್ಯದವಳು, ಭಾಷೆ ಸರಿಯಾಗಿ ಬರದವಳು, ಅದಕ್ಕೇ ಇರಬೇಕು ಎಂದುಕೊಂಡೆ. ನನ್ನ ಮರಾಠಿಯಲ್ಲಿ ಏನಾದರೂ ತಪ್ಪು ಮಾತಾಡಿದೆನೋ ಎಂದು ಬಸ್ಸಿನಲ್ಲಿ ಕೂತು ಹಿಂದಿನ ವಾರದ ಮಾತುಗಳನ್ನೆಲ್ಲ ಒಂದೊಂದಾಗಿ ನೆನೆಸುತ್ತಿದ್ದೆ.

ಬಿಲ್ಲಿನ ಬಗ್ಗೆ ಕಾಲೇಜಿನ ಹೆಡ್ ಕ್ಲಾರ್ಕನ್ನು ಕೇಳಿದಾಗ ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಸಂಭಾಜಿನಗರದ ಕಚೇರಿಗೆ ಹೋಗಿದೆ. ತ್ರುಟಿ ಬಂದಿದೆ, ಏನೋ ತಪ್ಪಾಗಿದೆಯಂತೆ. ನೋಡ್ತಿದ್ದೇವೆ," ಎಂದರು.

"ಏನು ತ್ರುಟಿ?"

"ನೋಡ್ತಿದ್ದೇವೆ ಅಂದೆನಲ್ಲ."

ನಾನು ಸಂಭಾಜಿನಗರದಲ್ಲೇ ಇರುವವಳು. ಉಚ್ಚ ಶಿಕ್ಷಣದ ಸಹಸಂಚಾಲಕರ ಕಚೇರಿ, ಅಂದರೆ ನಮ್ಮ ಬಿಲ್ಲುಗಳು ಮಂಜೂರಾಗುವ ಜಾಗ, ನನ್ನ ಕೋಣೆಯಿಂದ ಇಪ್ಪತ್ತು ನಿಮಿಷದ ನಡಿಗೆ. ನನಗೆ ತಾಸುಗಳಿಲ್ಲದ ಒಂದು ಬುಧವಾರ, ಪ್ರಾಂಶುಪಾಲರಿಂದ ಬಿಲ್ಲು ಕಳಿಸಿದ ಜಾವಕ ನಂಬರು ಬರೆಸಿಕೊಂಡು ನೇರವಾಗಿ ಅಲ್ಲಿಗೇ ಹೋದೆ.

ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳಿಸಿದರು. ಮೂರನೆಯ ಮೇಜಿನಲ್ಲಿ ಕನ್ನಡಕ ಹಾಕಿದ, ನಿವೃತ್ತಿಗೆ ಹತ್ತಿರವಿದ್ದ ಒಬ್ಬರು ಕೂತಿದ್ದರು. ನಾನು ಮರಾಠಿಯಲ್ಲಿ ತೊದಲುತ್ತ ವಿಷಯ ಹೇಳಿದೆ. ಅವರು ಸ್ವಲ್ಪ ಕೇಳಿ, ಕನ್ನಡಕದ ಮೇಲಿಂದ ನೋಡಿ, "ವಿಜಾಪುರ ಕಡೆಯವರೇನ್ರಿ ನೀವು?" ಎಂದರು.

ಐದು ತಿಂಗಳಲ್ಲಿ ಫೋನಿನ ಹೊರಗೆ, ಎದುರಿಗೆ ಕೂತ ಮನುಷ್ಯನ ಬಾಯಲ್ಲಿ ನಾನು ಕನ್ನಡ ಕೇಳಿದ್ದು ನಾಶಿಕದ ನನ್ನ ಮನೆಯಲ್ಲಿ ಮಾತ್ರ.

"ಹೌದ್ರಿ. ನಿಮ್ಮದು?"

"ನಮ್ದು ಅಕ್ಕಲಕೋಟ. ಮನ್ಯಾಗ ಕನ್ನಡಾನ. ಬರ್ರಿ, ಕುಂಡ್ರಿ." ಫೈಲು ತೆಗೆದರು. ಹಾಳೆ ತಿರುಗಿಸುತ್ತ ಹೋದವರು ಒಂದು ಕಡೆ ನಿಂತರು. "ಈ ಇಂಗ್ಲಿಷ್ ಮ್ಯಾಡಮ್ಮರು ನೀವೇ ಏನ್ರಿ?"

"ನಾನೇ ರೀ."

ಅವರು ಫೈಲನ್ನು ನನ್ನ ಕಡೆ ತಿರುಗಿಸಿದರು. "ನೋಡ್ರಿ ಮ್ಯಾಡಮ್, ಸಿಟ್ಟಾಗಬ್ಯಾಡ್ರಿ. ಹನ್ನೊಂದು ಮಂದಿದು ಒಂದ ಬಿಲ್ ಮಾಡಿ ಕಳ್ಸ್ಯಾರ. ಹತ್ತು ಮಂದಿದು ಎಲ್ಲಾ ಬರೋಬರಿ ಐತಿ. ನಿಮ್ಮ ಒಬ್ಬರ ಸಲುವಾಗಿ ನಿಂತೈತಿ."

ವಿಷಯ ಇಷ್ಟು. ನನ್ನ ಎಂ.ಎ., ನೆಟ್ ಎಲ್ಲವೂ ತವರಿನ ಹೆಸರಿನಲ್ಲಿದ್ದವು: ನನ್ನ ಹೆಸರು, ಅಪ್ಪನ ಹೆಸರು, ನಮ್ಮ ಮನೆತನದ ಹೆಸರು. ವಿದ್ಯಾಪೀಠ ನನ್ನ ನೇಮಕಕ್ಕೆ ಕೊಟ್ಟ ಮಾನ್ಯತೆಯ ಪತ್ರ ಆ ಹೆಸರಿನಲ್ಲಿತ್ತು. ಆಧಾರ್, ಬ್ಯಾಂಕ್ ಖಾತೆ ಗಂಡನ ಹೆಸರು, ಅಡ್ಡಹೆಸರು ಸೇರಿ. ಕಾಲೇಜು ಅದನ್ನು ನೋಡಿ ಬಿಲ್ಲು ಬರೆದಿತ್ತು. ಮಾನ್ಯತೆ ಸಿಕ್ಕವಳು ಒಬ್ಬಳು, ದುಡ್ಡು ಕೇಳುತ್ತಿರುವವಳು ಇನ್ನೊಬ್ಬಳು. ಕಚೇರಿ ಡಿಸೆಂಬರಿನಲ್ಲೇ ಇಡೀ ಬಿಲ್ಲನ್ನು ತಿರುಗಿಸಿತ್ತು. ಕಾಲೇಜು ಏನೂ ತಿದ್ದದೆ ಅದನ್ನೇ ಮತ್ತೆ ಕಳಿಸಿತ್ತು. ಈಗ ಅದು ಎರಡನೇ ಸಲ ತಿರುಗಿ ಹೋಗುವುದರಲ್ಲಿತ್ತು.

"ಕಾಲೇಜಿನವರಿಗೆ ಗೊತ್ತಿಲ್ಲೇನ್ರಿ?" ಎಂದೆ.

"ಗೊತ್ತಿಲ್ಲದ ಏನ್ರಿ. ನಿಮ್ಮ ಹೆಸರು ಹಾಕೇ ಪತ್ರ ಕಳ್ಸೇವಿ."

ಸ್ಟಾಫ್ ರೂಮಿನ ಮೌನ ಆಗ ಅರ್ಥವಾಯಿತು. ಎಲ್ಲರಿಗೂ ಗೊತ್ತಿತ್ತು. ನನಗೊಬ್ಬಳಿಗೆ ಯಾರೂ ಹೇಳಿರಲಿಲ್ಲ.

"ದಾರಿ ಏನ್ರಿ ಇದಕ್ಕ?"

"ಎರಡು ಐತ್ರಿ. ಹೆಸರು ತಿದ್ದಿಸಿ ವಿದ್ಯಾಪೀಠದ್ದು ಹೊಸ ಮಾನ್ಯತಾ ಪತ್ರ ತರೋದು. ಅದಕ್ಕ ಮದಿವಿ ಸರ್ಟಿಫಿಕೇಟ್ ಬೇಕು, ಪ್ರತಿಜ್ಞಾಪತ್ರ ಬೇಕು, ಟೈಮ್ ಹಿಡಿತೈತಿ. ಇಲ್ಲಂದ್ರ..." ಅವರು ಸ್ವಲ್ಪ ತಡೆದರು. "ನಿಮ್ಮ ಹೆಸರು ಬಿಟ್ಟು ಹತ್ತು ಮಂದಿದು ಬಿಲ್ ಕಳಸಂತ ಕಾಲೇಜಿಗೆ ಹೇಳ್ರಿ. ನಿಮ್ಮದು ಆಮ್ಯಾಲ ಪುರವಣಿ ಬಿಲ್ ಆಗ್ತೈತಿ. ಖರೆ ಹೇಳ್ತೀನಿ, ಮಾರ್ಚ್ ಮುಗೀತಂದ್ರ ಈ ವರ್ಷದ ಅನುದಾನ ಮುಗೀತು. ನಿಮ್ಮದು ಹೊಸ ಅನುದಾನ ಬರೂತನಕ ಕಾಯಬೇಕಾಗ್ತೈತಿ."

ಹೊರಗೆ ಬಂದು ಕಾಂಪೌಂಡಿನ ಬೇವಿನ ಮರದ ಕೆಳಗೆ ನಿಂತೆ. ಗಂಡನಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಬ್ಯಾಂಕಿನ ಹೊತ್ತು. ಅವ್ವನಿಗೆ ಹಚ್ಚಬೇಕೆಂದು ನಂಬರು ತೆಗೆದವಳು ಸುಮ್ಮನೆ ಬಿಟ್ಟೆ. ಆಕೆಗೆ ಎಲ್ಲಿಂದ ಹೇಳಲಿ?

ಮರುದಿನ ಕಾಲೇಜಿನಲ್ಲಿ ಮರಾಠಿ ಸರ್ ಒಬ್ಬರೇ ಗ್ರಂಥಾಲಯದಲ್ಲಿ ಇದ್ದರು. ಹೋಗಿ ಎದುರಿಗೆ ನಿಂತೆ.

"ನಿಮಗೂ ಗೊತ್ತಿತ್ತಲ್ಲ, ಸರ್?"

ಅವರು ಪುಸ್ತಕ ಮುಚ್ಚಿದರು. "ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀವು ಬಿಟ್ಟು ಹೋಗುತ್ತಿದ್ದಿರಿ. ಹೋಗಿದ್ದರೆ ಇಂಗ್ಲಿಷ್ ಹುಡುಗರಿಗೆ ವರ್ಷದ ಮಧ್ಯೆ ಯಾರೂ ಸಿಗುತ್ತಿರಲಿಲ್ಲ. ಕ್ಲಾರ್ಕ್ ತಾನೇ ಸರಿ ಮಾಡುತ್ತಾನೆ ಅಂತ ಕಾಯ್ದೆವು. ಅದು ನಮ್ಮ ತಪ್ಪು."

ಅವರ ಮಗಳು ನರ್ಸಿಂಗ್ ಓದುತ್ತಿದ್ದಳೆಂದು ನನಗೆ ಗೊತ್ತಿತ್ತು. ಎರಡನೇ ಕಂತಿನ ಫೀಸು ಕಟ್ಟದೆ ಅವಳನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಮಾತು ಆ ವಾರವೇ ಯಾರೋ ಆಡಿದ್ದರು. ಅದರ ಬಗ್ಗೆ ಅವರು ತುಟಿ ಎರಡು ಮಾಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ನಾನು ಅಲ್ಲೇ ಕೂತು ಅರ್ಜಿ ಬರೆದೆ. ನನ್ನ ಮರಾಠಿಯನ್ನು ಅವರೇ ತಿದ್ದಿದರು. "ನನ್ನ ಮಾನ್ಯತೆಯ ಪತ್ರದಲ್ಲಿರುವ ಹೆಸರಿನ ವ್ಯತ್ಯಾಸವನ್ನು ಸರಿಪಡಿಸುವ ತನಕ ನನ್ನ ಹೆಸರನ್ನು ಸಾಮೂಹಿಕ ಬಿಲ್ಲಿನಿಂದ ಬೇರ್ಪಡಿಸಿ, ಉಳಿದ ಹತ್ತು ಮಂದಿಯ ಬಿಲ್ಲನ್ನು ಕೂಡಲೇ ಕಳಿಸಬೇಕು. ನನ್ನ ಬಿಲ್ಲನ್ನು ಪುರವಣಿಯಾಗಿ ಕಳಿಸಬೇಕು. ಇದರಿಂದ ನನ್ನ ಮಾನಧನದ ಹಕ್ಕು ಹೋಗುವುದಿಲ್ಲ." ಕೊನೆಯ ವಾಕ್ಯ ನಾನು ಬರೆದದ್ದಲ್ಲ. ಅವರು ಪೆನ್ನು ಇಸಿದುಕೊಂಡು ಸೇರಿಸಿದರು. "ಇದು ಬೇಕು," ಎಂದರು. "ಬಿಟ್ಟುಕೊಟ್ಟಳು ಅಂತ ನಾಳೆ ಯಾರೂ ಅನ್ನಬಾರದು."

ಹೆಡ್ ಕ್ಲಾರ್ಕ್ ಅರ್ಜಿ ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರು. ಬಿಲ್ಲನ್ನು ಮತ್ತೆ ಮೊದಲಿಂದ ಮಾಡಬೇಕು, ಪ್ರತಿ ತಿಂಗಳ ತಾಸುಗಳ ತಖ್ತೆ ಬೇರೆ. ಸರ್ ಬಾಗಿಲಲ್ಲಿ ನಿಂತು, "ತಖ್ತೆ ನಾವು ಬರೆದುಕೊಡ್ತೇವೆ. ನೀವು ಆವಕ ಶಿಕ್ಕೆ ಹೊಡೆಯಿರಿ," ಎಂದರು. ಶಿಕ್ಕೆ ಬಿತ್ತು. ಆ ಸಂಜೆ ಹತ್ತು ಮಂದಿ ಕೂತು ತಮ್ಮ ತಮ್ಮ ತಾಸುಗಳನ್ನು ಬರೆದರು. ಬರೆಯುವುದು ನನಗೇನೂ ಇರಲಿಲ್ಲ. ನಾನು ಬಸ್ಸಿಗೆ ಹೋದೆ.

ಹೋಳಿ ಹಬ್ಬಕ್ಕೆ ಮುಂಚೆ ಅವರಿಗೆ ದುಡ್ಡು ಬಂತು. ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರ ಫೋನುಗಳೂ ಒಂದರ ಹಿಂದೆ ಒಂದು ಸದ್ದು ಮಾಡಿದವು. ಯಾರೋ ಪೇಢೆ ತರಿಸಿದರು. ಭೂಗೋಳದ ಹುಡುಗಿ ನನಗೂ ಒಂದು ಕೊಟ್ಟು, "ಸಾರಿ, ತಾಯಿ," ಎಂದಳು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ನಾನು ನಕ್ಕೆ. ಪೇಢೆ ತಿಂದೆ. ಅವರ ಖುಷಿ ನನಗೂ ಖುಷಿಯೇ. ಆದರೆ ಅವರೆಲ್ಲ ಮಕ್ಕಳಿಗೆ ಏನು ಒಯ್ಯುವುದೆಂದು ಮಾತಾಡುತ್ತಿದ್ದಾಗ ನನಗೆ ಅಲ್ಲಿ ಕೂರಲು ಆಗಲಿಲ್ಲ. ಖಾಲಿ ತರಗತಿಯೊಂದಕ್ಕೆ ಹೋಗಿ ಕೂತೆ. ಹಲಗೆಯ ಮೇಲೆ ಯಾರೋ ಬರೆದಿದ್ದ ಗಣಿತದ ಲೆಕ್ಕ ಹಾಗೇ ಇತ್ತು.

ಇನ್ನು ನನ್ನ ಹೆಸರು. ನಮ್ಮ ಮದುವೆ ಹನ್ನೊಂದು ವರ್ಷದ ಹಿಂದೆ ವಿಜಯಪುರದಲ್ಲಿ ಆಗಿತ್ತು. ನೋಂದಣಿ ಮಾಡಿಸಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ ತಾಸುಗಳು ಮುಗಿದ ಮೇಲೆ ಗಂಡ ಎರಡು ದಿನ ರಜೆ ಹಾಕಿದರು. ಮಗಳನ್ನೂ ಕರೆದುಕೊಂಡು ವಿಜಯಪುರಕ್ಕೆ ಹೋದೆವು. ಉಪನೋಂದಣಿ ಕಚೇರಿಯಲ್ಲಿ ಲಗ್ನಪತ್ರಿಕೆ, ಫೋಟೋ, ಮೂವರು ಸಾಕ್ಷಿಗಳು. ಸಾಕ್ಷಿಗಳಲ್ಲಿ ನನ್ನ ತಮ್ಮ ಒಬ್ಬ, ಅವನು ಇಡೀ ಹೊತ್ತು ಗಡಿಯಾರ ನೋಡುತ್ತಿದ್ದ.

ಬೆಂಚಿನ ಮೇಲೆ ನಮ್ಮ ಸರದಿಗೆ ಕಾಯುತ್ತಿದ್ದಾಗ ಗಂಡ ಹೇಳಿದರು, "ಇಷ್ಟ್ ದಿನ ಯಾಕ ಹೇಳಲಿಲ್ಲ ನೀನು?"

"ಏನು?"

"ರೊಕ್ಕ ಬಂದೇ ಇಲ್ಲ ಅನ್ನೋದು. ಸ್ವಲ್ಪ ಸ್ವಲ್ಪ ಬರ್ತೈತಿ ಅಂದಿದ್ದಿ."

ನಾನು ಹಾಗೆ ಹೇಳಿದ್ದು ನಿಜ. ದೀಪಾವಳಿಯಲ್ಲಿ ಅತ್ತೆ ಕೇಳಿದಾಗ ಬಾಯಿಗೆ ಬಂದಿತ್ತು. ಆಮೇಲೆ ತಿದ್ದಲು ಆಗಿರಲಿಲ್ಲ.

"ನೀವು ಬಾಡಿಗಿ ಕಳಸ್ತಿದ್ರಿ. ಅದರ ಮ್ಯಾಲೆ ಇದನ್ನ ಹೆಂಗ ಹೇಳ್ಲಿ?"

"ಅಂದ್ರ ಪೇಪರ್ ತಿದ್ದೋದೂ ಸುಳ್ಳೇನು? ಶನಿವಾರ ಬರದಿದ್ದದ್ದು?"

ನಾನು ಕೈಯಲ್ಲಿದ್ದ ಕಾಗದಗಳನ್ನು ಮತ್ತೊಮ್ಮೆ ಜೋಡಿಸಿದೆ. ಪಕ್ಕದಲ್ಲಿ ಮಗಳು ಕಾಲಾಡಿಸುತ್ತ, "ಆಯೀ, ತುಮ್ಹೀ ಪರತ ಲಗ್ನ ಕರತಾಯ ಕಾ?" ಎಂದು ಕೇಳಿದಳು, ಅಮ್ಮಾ, ನೀವು ಮತ್ತೆ ಮದುವೆ ಆಗ್ತಿದ್ದೀರಾ ಎಂದು. ಸಾಕ್ಷಿಗಳು ನಕ್ಕರು. ಅಧಿಕಾರಿಯ ಮುಂದೆ ಸಹಿ ಮಾಡುವಾಗ ಗಂಡ ಪೆನ್ನನ್ನು ಮೊದಲು ನನ್ನ ಕೈಗೆ ಕೊಟ್ಟರು. ನಾಶಿಕಕ್ಕೆ ಮರಳುವ ಬಸ್ಸಿನಲ್ಲಿ ನನ್ನ ಚೀಲವನ್ನೂ ಅವರೇ ಹಿಡಿದು ಕೂತರು. ಆದರೆ ನಮ್ಮಿಬ್ಬರ ನಡುವೆ ಮಗಳನ್ನು ಕೂರಿಸಿದ್ದರು.

ಸರ್ಟಿಫಿಕೇಟು ಸಿಕ್ಕಿತು. ನೋಟರಿಯ ಮುಂದೆ ಎರಡೂ ಹೆಸರಿನವಳು ನಾನೇ ಎಂದು ಪ್ರತಿಜ್ಞಾಪತ್ರ ಮಾಡಿಸಿದೆ. ಅವನ್ನೆಲ್ಲ ಕಾಲೇಜಿನ ಪತ್ರದ ಜೊತೆ ವಿದ್ಯಾಪೀಠಕ್ಕೆ ಕೊಟ್ಟೆ. ಮೂರು ಸಲ ಹೋದೆ. ಜೂನ್ ಕೊನೆಗೆ ತಿದ್ದಿದ ಮಾನ್ಯತಾ ಪತ್ರ ಬಂತು. ಹೆಡ್ ಕ್ಲಾರ್ಕ್ ಪುರವಣಿ ಬಿಲ್ಲನ್ನು ಈ ಸಲ ತಡ ಮಾಡದೆ ತಯಾರಿಸಿದರು. ಕಚೇರಿಗೆ ನಾನೇ ಒಯ್ದು ಕೊಟ್ಟೆ. ಅಕ್ಕಲಕೋಟದವರು ಮೇಜಿನಲ್ಲಿ ಇರಲಿಲ್ಲ. ಮೇ ತಿಂಗಳಲ್ಲೇ ನಿವೃತ್ತರಾದರಂತೆ. ಅವರ ಕುರ್ಚಿಯಲ್ಲಿದ್ದ ತರುಣಿ ಹಾಳೆಗಳನ್ನು ಎರಡೆರಡು ಸಲ ನೋಡಿ, "ಹೊಸ ಅನುದಾನ ಬಂದ ಮೇಲೆ," ಎಂದಳು.

ಆ ನಡುವೆ ಹೊಸ ಶೈಕ್ಷಣಿಕ ವರ್ಷದ ನೇಮಕದ ಜಾಹೀರಾತು ಬಂತು. ತಾಸಿನ ಉಪನ್ಯಾಸಕರಿಗೆ ಹಿಂದಿನ ವರ್ಷದ ನೇಮಕ ಅಲ್ಲಿಗೇ ಮುಗಿಯುತ್ತದೆ. ಮತ್ತೆ ಅರ್ಜಿ, ಮತ್ತೆ ಸಂದರ್ಶನ, ಕಾಯಂ ನೌಕರಿ ಕೇಳುವುದಿಲ್ಲವೆಂದು ಮತ್ತೆ ಮುಚ್ಚಳಿಕೆ. ನನ್ನನ್ನು ತೆಗೆದುಕೊಂಡರು. ಮರಾಠಿ ಸರ್‌ಗೆ ಆ ವರ್ಷ ತಾಸುಗಳಿರಲಿಲ್ಲ. ಹೊಸ ಪಠ್ಯಕ್ರಮದಲ್ಲಿ ಅವರ ವಿಷಯದ ಕಾರ್ಯಭಾರ ಕಡಿಮೆಯಾಗಿ, ಇದ್ದ ತಾಸುಗಳು ಕಾಯಂ ಪ್ರಾಧ್ಯಾಪಕರೊಬ್ಬರಿಗೇ ಸಾಕಾಗಿದ್ದವು.

ಆಗಸ್ಟಿನ ಒಂದು ಮಧ್ಯಾಹ್ನ, ಬಸ್ಸು ವೇರೂಳ್ ದಾಟುತ್ತಿದ್ದಾಗ ನನ್ನ ಫೋನು ಸದ್ದು ಮಾಡಿತು. ಇಡೀ ವರ್ಷದ ಮಾನಧನ ಒಟ್ಟಿಗೆ ಬಂದಿತ್ತು, ತೆರಿಗೆ ಮುರಿದುಕೊಂಡು. ಪಕ್ಕದಲ್ಲಿ ಗುಡಿಗೆ ಹೋಗಿ ಬಂದ ಮುದುಕಿಯೊಬ್ಬಳು ನಿದ್ದೆಯಲ್ಲಿ ನನ್ನ ಹೆಗಲಿಗೆ ಒರಗಿದ್ದಳು. ಅಲುಗಾಡದೆ ಆ ಸಂದೇಶವನ್ನು ನಾಲ್ಕು ಸಲ ಓದಿದೆ. ಗಂಡನಿಗೆ ಬರೆದು ಕಳಿಸಿದೆ. "ಛಲೋ ಆತು," ಎಂದು ಉತ್ತರ ಬಂತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು: "ಈ ಶನಿವಾರ ಬರ್ತಿ?"

ಬರುತ್ತೇನೆ ಎಂದು ಬರೆದೆ.

ಸ್ಟ್ಯಾಂಡಿನಲ್ಲಿ ಇಳಿದು ಮರಾಠಿ ಸರ್‌ಗೆ ಫೋನ್ ಮಾಡಿದೆ. ಅವರು ತೋಟದಲ್ಲಿದ್ದರು, ಹಿಂದೆ ಔಷಧಿ ಹೊಡೆಯುವ ಯಂತ್ರದ ಗದ್ದಲ. "ಬಂತು, ಸರ್," ಎಂದು ನಾನು ಎರಡು ಸಲ ಕೂಗಬೇಕಾಯಿತು. ಯಂತ್ರ ನಿಲ್ಲಿಸಿ ಕೇಳಿಸಿಕೊಂಡರು.

"ಒಳ್ಳೆಯದಾಯಿತು, ಮ್ಯಾಡಮ್. ನಮ್ಮ ಹುಡುಗಿ ಪಾಸಾದಳು, ಮೊದಲ ದರ್ಜೆ," ಎಂದರು. ಆಮೇಲೆ, "ಈ ಸಲ ಇಂಗ್ಲಿಷಿಗೆ ಎಷ್ಟು ಹುಡುಗರು?" ಎಂದು ಕೇಳಿದರು.

"ಮೂವತ್ತೆಂಟು."

"ಮುಂದಿನ ಬೆಂಚಿನಲ್ಲಿ ಕೂರ್ತಾರಾ?"

"ಇಲ್ಲ, ಸರ್. ಎಲ್ಲರೂ ಹಿಂದೆ."

"ನನಗೂ ಹಾಗೇ ಕೂರ್ತಿದ್ದರು," ಎಂದು ನಕ್ಕರು. ಮೋಡ ಕಟ್ಟಿದೆ, ಮಳೆ ಬರುವುದರೊಳಗೆ ಈ ಸಾಲು ಮುಗಿಸಬೇಕು ಎಂದರು. ಯಂತ್ರ ಮತ್ತೆ ಶುರುವಾಯಿತು. ಅವರು ಇನ್ನೇನೋ ಹೇಳಿದರು, ಕೇಳಿಸಲಿಲ್ಲ. ಹ್ಞೂಂ ಸರ್, ಹ್ಞೂಂ ಸರ್ ಎನ್ನುತ್ತ ಫೋನು ತಾನಾಗಿ ಕಟ್ಟಾಗುವ ತನಕ ಕಿವಿಗೆ ಹಿಡಿದುಕೊಂಡು ಸ್ಟ್ಯಾಂಡಿನ ಗದ್ದಲದಲ್ಲಿ ನಿಂತಿದ್ದೆ.